ಎರಡು ಮಂಚ ಕೇಳಿದ್ದೆ, ಒಂದೇ ಇದೆ: ಫ್ರೆಂಚ್ ಹೋಟೆಲ್ ಕೌಂಟರ್‌ನಲ್ಲಿ ಏನು ಹೇಳಬೇಕು?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಫ್ರೆಂಚ್ ಎ2 ಹಂತ ಕಲಿಯುತ್ತಿದ್ದೇನೆ. ಹೋದ ವಾರ ಕ್ಲಾಸಿನಲ್ಲಿ ‘ಹೋಟೆಲಿಗೆ ಹೋದಾಗ ಬುಕ್ ಮಾಡಿದ ರೂಮ್ ಬಿಟ್ಟು ಬೇರೆ ರೂಮ್ ಕೊಟ್ಟಿದ್ದಾರೆ’ ಅಂತ ಸಂಭಾಷಣೆ ಮಾಡಿಸಿದರು. ತಪ್ಪಾಗಿದೆ ಅಂತ ಹೇಳುವ ತನಕ ಬಂತು. ರಿಸೆಪ್ಷನಿಸ್ಟ್ ಪಾತ್ರದವಳು ‘ಹೋಟೆಲ್ ಫುಲ್’ ಅಂದ ಕೂಡಲೇ ಬಾಯಿ ಕಟ್ಟಿಹೋಯಿತು. ಮೇ ತಿಂಗಳಲ್ಲಿ ನಿಜವಾಗಿಯೂ ಅತ್ತೆಯವರ ಜೊತೆ ಲಿಯೋನ್‌ಗೆ ಹೋಗುತ್ತಿದ್ದೇನೆ, ಎರಡು ಮಂಚದ ರೂಮ್ ಬುಕ್ ಮಾಡಿದ್ದೇನೆ. ಅಲ್ಲಿ ಒಂದೇ ಮಂಚ ಇದ್ದರೆ ಏನು ಹೇಳಲಿ?

ಉತ್ತರ: ಮಾತಿನ ಅಭ್ಯಾಸ ಆಮೇಲೆ ಮಾಡೋಣ. ಮೊದಲು ನಿಮ್ಮ ಬುಕಿಂಗ್ ಇಮೇಲ್ ತೆಗೆದು ನೋಡಿ. ಕೌಂಟರ್ ಮುಂದೆ ನೀವು ಯಾವ ಕ್ರಿಯಾಪದ ಬಳಸಬೇಕು ಅನ್ನೋದು ಆ ಇಮೇಲ್‌ನಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ನಿಂತಿದೆ.

ಫ್ರಾನ್ಸಿನಲ್ಲಿ chambre double ಅಂದರೆ ಇಬ್ಬರು ಉಳಿಯುವ ರೂಮ್. ಅದರಲ್ಲಿ ಸಾಮಾನ್ಯವಾಗಿ ಇರೋದು ಒಂದೇ ದೊಡ್ಡ ಮಂಚ. ಅದೂ ಹಳೆಯ ಹೋಟೆಲ್‌ಗಳಲ್ಲಿ ಎಷ್ಟೋ ಸಲ 140 ಸೆಂಟಿಮೀಟರ್ ಅಗಲದ್ದು, ಹೊಸ ಹೋಟೆಲ್‌ಗಳಲ್ಲಿ 160 ಸಿಗುತ್ತದೆ. 140 ಅಂದರೆ ಒಬ್ಬರ ಪಾಲಿಗೆ 70. ಗಂಡ ಹೆಂಡತಿಗೆ ಸರಿ ಹೋಗಬಹುದು, ಅತ್ತೆಯವರ ಜೊತೆ ಮೂರು ರಾತ್ರಿ ಕಷ್ಟ. ಬೇರೆ ಬೇರೆ ಮಂಚ ಬೇಕಿದ್ದರೆ ಇಮೇಲ್‌ನಲ್ಲಿ 2 lits simples, lits jumeaux ಅಥವಾ chambre twin ಅಂತ ಇರಬೇಕು. 1 grand lit ಅಂತ ಇದ್ದರೆ ಹೋಟೆಲ್‌ನವರು ತಪ್ಪು ಮಾಡಿಲ್ಲ, ನೀವೇ ದೊಡ್ಡ ಮಂಚದ ರೂಮ್ ಬುಕ್ ಮಾಡಿದ್ದೀರಿ. ಈಗಲೇ ಬರೆದು ಬದಲಾಯಿಸಿಕೊಳ್ಳಿ.

ಎರಡು ಮಂಚದ ವಿಷಯ ಇಮೇಲ್‌ನ ಯಾವ ಭಾಗದಲ್ಲಿದೆ ಅಂತಲೂ ನೋಡಿ. ರೂಮಿನ ಹೆಸರಿನ ಸಾಲಿನಲ್ಲೇ ಇದ್ದರೆ ಅದು ನೀವು ಕೊಂಡ ವಸ್ತು. ಕೆಳಗೆ demandes particulières ಅನ್ನುವ ಕಡೆ ಇದ್ದರೆ ಅದು ನಿಮ್ಮ ಕೋರಿಕೆ ಮಾತ್ರ, ಖಾಲಿ ಇದ್ದರೆ ಕೊಡುತ್ತಾರೆ. ಬುಕಿಂಗ್ ಸೈಟ್‌ಗಳಲ್ಲಿ ಮಂಚದ ಆಯ್ಕೆಗೆ ಟಿಕ್ ಹಾಕುವ ಜಾಗ ಎಷ್ಟೋ ಸಲ ಈ ಎರಡನೇ ಬಗೆಯದು. ಮೊದಲನೆಯದಾದರೆ ನೀವು ‘ಝಾವೇ ರೆಜ಼ೆರ್ವೇ’ ಅನ್ನಬೇಕು, ಅಂದರೆ ‘ನಾನು ಬುಕ್ ಮಾಡಿದ್ದೆ’. ಎರಡನೆಯದಾದರೆ ‘ಝಾವೇ ದಮಾಂದೇ’, ‘ನಾನು ಕೇಳಿಕೊಂಡಿದ್ದೆ’. ರಿಸೆಪ್ಷನಿಸ್ಟ್ ನಿಮ್ಮ ಬುಕಿಂಗನ್ನು ಸ್ಕ್ರೀನ್ ಮೇಲೆ ನೋಡುತ್ತಲೇ ಮಾತಾಡುತ್ತಾರೆ. ಕೇಳಿಕೊಂಡಿದ್ದನ್ನು ‘ಬುಕ್ ಮಾಡಿದ್ದೆ’ ಅಂತ ಹೇಳಿದರೆ ಮೊದಲ ವಾಕ್ಯದಲ್ಲೇ ಅವರ ನಂಬಿಕೆ ಹೋಗುತ್ತದೆ. ನಿಮ್ಮದು ಮೊದಲನೇ ಬಗೆ ಅಂತ ಇಟ್ಟುಕೊಂಡು ಮುಂದೆ ಬರೆಯುತ್ತೇನೆ.

ಉಚ್ಚಾರಣೆ ಬಗ್ಗೆ ಒಂದಿಷ್ಟು. ನಾನು ‘ಝ’ ಬರೆದ ಕಡೆ ಇಂಗ್ಲಿಷಿನವರು ‘ಟೆಲಿವಿಷನ್’ ಅನ್ನುವಾಗ ಮಧ್ಯದಲ್ಲಿ ಬರುವ ಧ್ವನಿ ತನ್ನಿ. ‘ದೋ’, ‘ಪೋ’ ಅಂತ ಇರುವ ಕಡೆ ನಾಲಿಗೆ ‘ಎ’ ಅನ್ನಲಿ, ತುಟಿ ಮಾತ್ರ ‘ಓ’ ಥರ ದುಂಡಗಿರಲಿ. ‘ಯು’ ಕೂಡ ಹಾಗೇ, ನಾಲಿಗೆಗೆ ‘ಇ’, ತುಟಿಗೆ ‘ಉ’. ಸೊನ್ನೆ ಬಂದಲ್ಲಿ ಮೂಗಿನಲ್ಲಿ ಹೇಳಿ, ಕೊನೆಗೆ ‘ಮ್’ ಅಂತ ತುಟಿ ಮುಚ್ಚಬೇಡಿ. ಒಂದು ಅನುಕೂಲ ನಮಗೆ ಹುಟ್ಟಿನಿಂದಲೇ ಇದೆ: ಫ್ರೆಂಚಿನ ತ, ದ ನಮ್ಮ ತ, ದ ಥರ ಹಲ್ಲಿಗೆ ತಾಗುವಂಥವು. ಅಲ್ಲಿ ಇಂಗ್ಲಿಷಿನ ಟ, ಡ ತರಬೇಡಿ.

ಈಗ ಕೌಂಟರ್‌ಗೆ ಹೋಗೋಣ. ನಿಮ್ಮ ಹೆಸರು ಹೆಗ್ಡೆ ಅಂತ ಇಟ್ಟುಕೊಳ್ಳೋಣ.

— ಬೋಂಝೂರ್, ಮದಾಮ್.
— ಬೋಂಝೂರ್, ಮದಾಮ್. ಝೇ ಯೂನ್ ರೆಜ಼ೆರ್ವಾಸಿಯೋಂ ಪೂರ್ ತ್ರ್ವಾ ನ್ವಿ, ಓ ನೋಂ ದ ಹೆಗ್ಡೆ. (ಮೂರು ರಾತ್ರಿಗೆ ಹೆಗ್ಡೆ ಅನ್ನುವ ಹೆಸರಿನಲ್ಲಿ ಬುಕಿಂಗ್ ಇದೆ.)
— ವೂ ಪೂವೇ ಎಪ್ಲೇ, ಸಿಲ್ ವೂ ಪ್ಲೆ? (ಅಕ್ಷರ ಬಿಡಿಸಿ ಹೇಳುತ್ತೀರಾ?)
— ಆಶ್, ಒ, ಝೇ, ದೇ, ಒ.

ಬೋಂಝೂರ್ ಬಿಟ್ಟು ನೇರ ವಿಷಯಕ್ಕೆ ಹೋಗಬೇಡಿ. ಫ್ರಾನ್ಸಿನಲ್ಲಿ ಅದು ಇಲ್ಲದೆ ಶುರುವಾದ ಮಾತು ಒರಟಾಗಿ ಕೇಳುತ್ತದೆ, ಮುಂದೆ ನೀವು ಎಷ್ಟೇ ಚೆನ್ನಾಗಿ ಮಾತಾಡಿದರೂ ಅದು ಸರಿಯಾಗೋದಿಲ್ಲ.

ಅಕ್ಷರ ಬಿಡಿಸಿ ಹೇಳುವುದನ್ನು ಕ್ಲಾಸಿನಲ್ಲಿ ಬೇಗ ದಾಟಿಸಿಬಿಡುತ್ತಾರೆ. ಆದರೆ ಬುಕಿಂಗ್ ಸಿಗದೇ ಹೋಗುವುದು, ಇನ್ನೊಬ್ಬರ ಬುಕಿಂಗ್ ತೆರೆದುಕೊಳ್ಳುವುದು ಎಲ್ಲ ಇಲ್ಲೇ. ಇಂಗ್ಲಿಷಿನ ‘ಜಿ’ಗೆ ಫ್ರೆಂಚಿನಲ್ಲಿ ‘ಝೇ’, ಇಂಗ್ಲಿಷಿನ ‘ಜೆ’ಗೆ ‘ಝಿ’. ಪೂರ್ತಿ ಅದಲು ಬದಲು. ಇಂಗ್ಲಿಷಿನ ‘ಇ’ ಅಕ್ಷರಕ್ಕೆ ‘ಒ’ ಥರದ ಧ್ವನಿ, ಇಂಗ್ಲಿಷಿನ ‘ಐ’ ಅಕ್ಷರಕ್ಕೆ ‘ಇ’. ಹೆಗ್ಡೆಯವರು ಇಂಗ್ಲಿಷ್ ಅಭ್ಯಾಸದಲ್ಲಿ ‘ಇ’ ಅಂದರೆ ಅಲ್ಲಿ ಬೇರೆ ಅಕ್ಷರ ಟೈಪ್ ಆಗುತ್ತದೆ. ಇನ್ನೊಂದು, ಅವರ ಬಾಯಲ್ಲಿ ಹ ಧ್ವನಿ ಬರೋದಿಲ್ಲ. ನಿಮ್ಮನ್ನು ‘ಮದಾಮ್ ಎಗ್ದ್’ ಅಂತ ಕರೆದರೆ ಅದು ನೀವೇ. ನಿಮ್ಮ ಹೆಸರನ್ನು ಫ್ರೆಂಚ್ ಅಕ್ಷರಗಳಲ್ಲಿ ನಿದ್ದೆಗಣ್ಣಿನಲ್ಲೂ ಹೇಳುವಷ್ಟು ರೂಢಿ ಮಾಡಿಕೊಳ್ಳಿ.

ಆಮೇಲೆ ಪಾಸ್‌ಪೋರ್ಟ್ ಕೇಳುತ್ತಾರೆ. ತುಂಬಲು ಒಂದು ಕಾಗದವನ್ನೂ ಕೊಡಬಹುದು: ‘ವೂ ಪೂವೇ ರಾಂಪ್ಲೀರ್ ಸೆತ್ ಫಿಶ್?’ ಗಾಬರಿ ಬೇಡ. ವಿದೇಶಿಯರು ಹೋಟೆಲ್‌ನಲ್ಲಿ ಉಳಿದಾಗ ಹೆಸರು, ಹುಟ್ಟಿದ ದಿನ ಮತ್ತು ಊರು, ದೇಶ, ವಿಳಾಸ, ಬಂದ ಹೋಗುವ ದಿನ ಬರೆದು ಸಹಿ ಹಾಕಬೇಕು ಅಂತ ಫ್ರಾನ್ಸಿನ ನಿಯಮ. ಹೋಟೆಲ್‌ನವರು ಅದನ್ನು ಆರು ತಿಂಗಳು ಇಟ್ಟುಕೊಂಡಿರುತ್ತಾರೆ. ಅತ್ತೆಯವರಿಗೂ ಬೇರೆ ಕಾಗದ ಇರುತ್ತದೆ.

ಈಗ ಬರುವ ವಾಕ್ಯಕ್ಕೆ ಕಿವಿ ಕೊಡಿ.

— ಅಲೋರ್, ಯೂನ್ ಶಾಂಬ್ರ್ ದೂಬ್ಲ್, ತ್ರ್ವಾ ನ್ವಿ. ಸೆ ಬ್ಯೆಂ ಸಾ? (ಒಂದು ಡಬಲ್ ರೂಮ್, ಮೂರು ರಾತ್ರಿ. ಸರಿ ತಾನೇ?)

ಇಲ್ಲಿ ನಮ್ಮವರು ತಲೆಯಾಡಿಸಿ ‘ವೀ, ವೀ’ ಅಂದುಬಿಡುತ್ತಾರೆ. ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಕೀ ಇನ್ನೂ ಕೊಟ್ಟಿಲ್ಲ, ಸ್ಕ್ರೀನ್ ಮೇಲೆ ಬದಲಾಯಿಸಲು ಒಂದು ನಿಮಿಷ ಸಾಕು. ನೀವು ಹೀಗೆ ಕೇಳಿ:

— ಅವೆಕ್ ದೋ ಲಿ, ನೆಸ್ ಪಾ? (ಎರಡು ಮಂಚದ್ದು, ಅಲ್ವಾ?)

ಮೂರೇ ಪದ ಮತ್ತು ಒಂದು ‘ಅಲ್ವಾ’. ಅವರು ‘ಆ, ಅತಾಂದೇ, ಝ ವೆರಿಫಿ’ (ಇರಿ, ನೋಡುತ್ತೇನೆ) ಅಂದರೆ ಅರ್ಧ ಕೆಲಸ ಮುಗಿಯಿತು.

ಆದರೆ ನೀವು ಕೇಳಿದ್ದು ಕೆಟ್ಟ ದಾರಿಯ ಬಗ್ಗೆ. ‘ವೀ’ ಅಂದಿದ್ದೀರಿ, ಕೀ ಕಾರ್ಡ್ ತಗೊಂಡಿದ್ದೀರಿ, ಎರಡನೇ ಮಹಡಿಗೆ ಹೋಗಿ ಬಾಗಿಲು ತೆಗೆದರೆ ಒಂದೇ ಮಂಚ. ಕೆಳಗೆ ಓಡುವ ಮುಂಚೆ ಮೇಲುಹೊದಿಕೆ ಸರಿಸಿ, ಹಾಸಿಗೆಯ ನಡುವೆ ಕೈಯಿಟ್ಟು ನೋಡಿ. ನಡುವೆ ಸಂದು ಸಿಕ್ಕರೆ ಅದು ಎರಡು ಮಂಚವನ್ನು ಜೋಡಿಸಿ ಒಂದೇ ಹಾಳೆ ಹಾಸಿರುವುದು. 80 ಸೆಂಟಿಮೀಟರಿನ ಎರಡು ಸೇರಿ 160, 90ರ ಎರಡು ಸೇರಿ 180. ತುಂಬ ಹೋಟೆಲ್‌ಗಳು ಹೀಗೇ ಇಟ್ಟುಕೊಂಡಿರುತ್ತವೆ, ಬಂದವರಿಗೆ ತಕ್ಕಂತೆ ಜೋಡಿಸುತ್ತಾರೆ, ಬಿಡಿಸುತ್ತಾರೆ. ಹಾಗಿದ್ದರೆ ರೂಮ್ ಬದಲಾಯಿಸುವ ಮಾತೇ ಬೇಡ. ಕೆಳಗೆ ಹೋಗಿ ಒಂದೇ ವಾಕ್ಯ:

— ಎಸ್ ಕ ವೂ ಪೂರಿಯೇ ಸೆಪಾರೇ ಲೇ ಲಿ, ಸಿಲ್ ವೂ ಪ್ಲೆ? (ಮಂಚಗಳನ್ನು ಬೇರೆ ಮಾಡಿಸಿ ಕೊಡಬಹುದಾ?)

ಸಂದು ಇಲ್ಲ, ಒಂದೇ ಹಾಸಿಗೆ ಅಂತಾದರೆ ಅಸಲಿ ಸಂಭಾಷಣೆ ಶುರು. ಪೆಟ್ಟಿಗೆ ಬಿಚ್ಚಬೇಡಿ, ಬಾತ್‌ರೂಮ್ ಬಳಸಬೇಡಿ. ರೂಮ್ ಹಾಗೇ ಇದ್ದರೆ ಅವರು ಅದನ್ನು ಇನ್ನೊಬ್ಬರಿಗೆ ಕೊಡಬಹುದು, ನಿಮಗೆ ಬೇರೆ ಕೊಡೋದೂ ಸುಲಭವಾಗುತ್ತದೆ. ಮಂಚದ ಒಂದು ಫೋಟೋ ತೆಗೆದುಕೊಂಡು ಇಳಿಯಿರಿ.

— ಎಕ್ಸ್‌ಕ್ಯುಜ಼ೇ ಮ್ವಾ, ಮದಾಮ್. ಝ ಕ್ರ್ವಾ ಕಿಲ್ ಯಾ ಯೂನ್ ಎರೊರ್. (ಕ್ಷಮಿಸಿ, ಏನೋ ತಪ್ಪಾಗಿದೆ ಅನ್ನಿಸುತ್ತೆ.)
— ವೀ, ಕೆಲ್ ಎ ಲ ಪ್ರೊಬ್ಲೆಮ್? (ಹೇಳಿ, ಏನು ಸಮಸ್ಯೆ?)
— ಝಾವೇ ರೆಜ಼ೆರ್ವೇ ಯೂನ್ ಶಾಂಬ್ರ್ ಅವೆಕ್ ದೋ ಲಿ. ದಾಂ ಲಾ ಶಾಂಬ್ರ್, ಇಲ್ ಯಾ ಅಂ ಸೊಲ್ ಗ್ರಾಂ ಲಿ. (ಎರಡು ಮಂಚದ ರೂಮ್ ಬುಕ್ ಮಾಡಿದ್ದೆ. ರೂಮಿನಲ್ಲಿ ಒಂದೇ ದೊಡ್ಡ ಮಂಚ ಇದೆ.)
— ಝ ವೆರಿಫಿ... ಮ್ವಾ, ಝ ವ್ವಾ ಯೂನ್ ಶಾಂಬ್ರ್ ದೂಬ್ಲ್. (ನೋಡುತ್ತೇನೆ... ನನಗೆ ಇಲ್ಲಿ ಡಬಲ್ ರೂಮ್ ಅಂತ ಕಾಣಿಸುತ್ತಿದೆ.)
— ವ್ವಾಸಿ ಲಾ ಕೋಂಫಿರ್ಮಾಸಿಯೋಂ. ಸೆತ್ ಎಕ್ರಿ ಇಸಿ: ದೋ ಲಿ ಸೆಂಪ್ಲ್. (ಇದು ಕನ್ಫರ್ಮೇಷನ್. ಇಲ್ಲಿ ಬರೆದಿದೆ: ಎರಡು ಸಿಂಗಲ್ ಮಂಚ.)

ಈ ಐದು ಸಾಲಿನಲ್ಲಿ ‘ನೀವು’ ಅನ್ನುವ ಪದ ಎಲ್ಲೂ ಬಂದಿಲ್ಲ, ಗಮನಿಸಿ. ‘ನೀವು ತಪ್ಪು ಮಾಡಿದ್ದೀರಿ’ ಅಂತ ಹೇಳಿಲ್ಲ. ‘ಇಲ್ ಯಾ ಯೂನ್ ಎರೊರ್’, ಅಂದರೆ ತಪ್ಪು ಇದೆ, ಅಷ್ಟೇ. ಯಾರದು ಅಂತ ಹೇಳಲಿಲ್ಲ. ನಾವೂ ಕನ್ನಡದಲ್ಲಿ ‘ಎಲ್ಲೋ ತಪ್ಪಾಗಿದೆ ಅನ್ಸುತ್ತೆ’ ಅಂತ ಹೇಳುತ್ತೇವಲ್ಲ, ಅದೇ ಜಾಡು. ಕೌಂಟರ್ ಹಿಂದೆ ನಿಂತವರು ಬುಕಿಂಗ್ ತಗೊಂಡವರೇ ಆಗಿರಬೇಕೆಂದಿಲ್ಲ. ಅವರ ಮೇಲೆ ಆರೋಪ ಹೊರಿಸಿದರೆ ತಮ್ಮ ಪರ ವಾದಿಸಲು ನಿಲ್ಲುತ್ತಾರೆ, ರೂಮ್ ಹುಡುಕುವುದು ಬಿಟ್ಟುಬಿಡುತ್ತಾರೆ.

‘ಝಾವೇ ರೆಜ಼ೆರ್ವೇ’ ಅನ್ನೋದು ಹಿಂದಿನದಕ್ಕೂ ಹಿಂದಿನ ಕಾಲ. ‘ಬುಕ್ ಮಾಡಿದೆ’ ಅಲ್ಲ, ‘ಬುಕ್ ಮಾಡಿದ್ದೆ’. ಎ2ನಲ್ಲಿ ಈ ಕಾಲವನ್ನು ಪೂರ್ತಿ ಕಲಿಸಿರೋದಿಲ್ಲ, ನಿಮಗೆ ‘ಝೇ ರೆಜ಼ೆರ್ವೇ’ ಗೊತ್ತಿರುತ್ತದೆ. ಅದನ್ನೇ ಹೇಳಿದರೂ ತಪ್ಪೇನಿಲ್ಲ, ಅರ್ಥವಾಗುತ್ತದೆ. ಆದರೆ ‘ಝಾವೇ’ ಅಂದಾಗ ‘ಮಾಡಿದ್ದು ಒಂದು, ಆಗಿದ್ದು ಇನ್ನೊಂದು’ ಅನ್ನೋದು ಕ್ರಿಯಾಪದದಲ್ಲೇ ಬಂದುಬಿಡುತ್ತದೆ. ಕನ್ನಡದ ‘-ಇದ್ದೆ’ ನಮ್ಮ ಬಾಯಲ್ಲಿ ಇದೇ ಕೆಲಸ ಮಾಡುತ್ತದೆ, ಹಾಗಾಗಿ ಈ ಕಾಲ ನಮಗೆ ಕಷ್ಟ ಆಗಬಾರದು.

ಕಾರಣವನ್ನೂ ಹೇಳಿ, ಒಂದೇ ವಾಕ್ಯದಲ್ಲಿ:

— ಝ ವ್ವಾಯಾಝ್ ಅವೆಕ್ ಮಾ ಬೆಲ್-ಮೆರ್. (ನಾನು ಅತ್ತೆಯವರ ಜೊತೆ ಬಂದಿದ್ದೇನೆ.)

ಇದಕ್ಕಿಂತ ಹೆಚ್ಚು ವಿವರ ಬೇಡ. ಅತ್ತೆಯವರ ಮಂಡಿ ನೋವು, ವಿಮಾನ ತಡವಾಗಿದ್ದು ಇದೆಲ್ಲ ಶುರು ಮಾಡಿದರೆ ನಿಮ್ಮ ಪದಗಳು ಮುಗಿದುಹೋಗುತ್ತವೆ, ಮುಖ್ಯ ಮಾತು ಹಿಂದೆ ಬೀಳುತ್ತದೆ.

ಈಗ ನೀವು ನಿಂತುಹೋದ ಜಾಗ.

— ಝ ಸ್ವಿ ದೆಜ಼ೊಲೇ, ಮದಾಮ್, ಲೊತೆಲ್ ಎ ಕೋಂಪ್ಲೆ ಸ ಸ್ವಾರ್. (ಕ್ಷಮಿಸಿ, ಇವತ್ತು ರಾತ್ರಿ ಹೋಟೆಲ್ ಫುಲ್ ಆಗಿದೆ.)

ಕ್ಲಾಸಿನಲ್ಲಿ ಕಲಿಯುವವರು ಇದನ್ನು ‘ಆಗೋದಿಲ್ಲ’ ಅಂತ ಕೇಳಿಸಿಕೊಳ್ಳುತ್ತಾರೆ. ಎಷ್ಟೋ ಸಲ ಅದರ ಅರ್ಥ ಎರಡು ಮಂಚದ ರೂಮ್ ಖಾಲಿ ಇಲ್ಲ ಅಂತ ಮಾತ್ರ. ನಿಮಗೆ ಮಲಗಲು ಎರಡು ಜಾಗ ಬೇಕು, ಅದಕ್ಕೆ ಬೇರೆ ದಾರಿಗಳಿವೆ. ಆ ದಾರಿಗಳು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹಾಗಾಗಿ ನೀವು ಪರಿಹಾರ ಯೋಚಿಸುತ್ತಾ ನಿಲ್ಲಬೇಡಿ. ಆ ಕೆಲಸವನ್ನು ಅವರಿಗೇ ಒಪ್ಪಿಸಿ:

— ಝ ಕೋಂಪ್ರಾಂ. ಕೆಸ್ ಕ ವೂ ಪೂವೇ ಮ ಪ್ರೊಪೊಜ಼ೇ? (ಅರ್ಥವಾಯಿತು. ಹಾಗಾದರೆ ನನಗೆ ಏನು ಮಾಡಿಕೊಡಬಲ್ಲಿರಿ?)

ಇಡೀ ಸಂಭಾಷಣೆಯಲ್ಲಿ ಒಂದೇ ವಾಕ್ಯ ಬಾಯಿಪಾಠ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮಾತು ಮುಂದುವರಿಸುವ ಹೊಣೆ ಇದರಿಂದ ಅವರದಾಗುತ್ತದೆ. ಕೇಳಿ ಸುಮ್ನಿರಿ. ಅವರು ಕಂಪ್ಯೂಟರ್ ನೋಡುವಾಗ ಆ ಮೌನ ತುಂಬಲು ಹೋಗಬೇಡಿ. ಫ್ರೆಂಚ್ ಭಾಷೆಯ ಡೆಲ್ಫ್ ಪರೀಕ್ಷೆಯ ಎ2, ಬಿ1 ಹಂತಗಳಲ್ಲೂ ಮೂರು ನಾಲ್ಕು ನಿಮಿಷದ ಇಂಥ ಪಾತ್ರ ಮಾಡುವ ಭಾಗ ಇದೆ. ಅಲ್ಲಿ ಪರೀಕ್ಷಕರು ಅಡ್ಡಿ ತಂದಾಗಲೂ ಇದೇ ಪ್ರಶ್ನೆ ನಿಮ್ಮನ್ನು ದಾಟಿಸುತ್ತದೆ.

ಅವರ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ವೇಗವಾಗಿ ಹೇಳುತ್ತಾರೆ, ಆದ್ದರಿಂದ ಪೂರ್ತಿ ವಾಕ್ಯ ಹಿಡಿಯಲು ಹೋಗದೆ ಒಂದೊಂದು ಮುಖ್ಯ ಪದಕ್ಕೆ ಕಿವಿ ಇಡಿ.

‘ಲಿ ದಾಪ್ವೆಂ’ ಅಂತ ಕೇಳಿಸಿದರೆ ಅದೇ ರೂಮಿಗೆ ಮಡಚುವ ಹೆಚ್ಚುವರಿ ಮಂಚ ತಂದು ಹಾಕುತ್ತಾರೆ. ಒಂದು ರಾತ್ರಿಗೆ ನಡೆಯುತ್ತದೆ. ಸಾಮಾನ್ಯವಾಗಿ ಕಿರಿದಾಗಿರುತ್ತದೆ, ಹಾಸಿಗೆ ತೆಳು. ಅತ್ತೆಯವರಿಗೆ ದೊಡ್ಡ ಮಂಚ ಬಿಟ್ಟು ನೀವು ಇದರಲ್ಲಿ ಮಲಗಬೇಕಾಗುತ್ತದೆ. ಮೂರು ರಾತ್ರಿಗೆ ನಾನು ಒಪ್ಪೋದಿಲ್ಲ.

‘ದಮೆಂ’ ಅಂತ ಕೇಳಿಸಿದರೆ ನಾಳೆ. ‘ದಮೆಂ, ಯೂನ್ ಶಾಂಬ್ರ್ ಆ ದೋ ಲಿ ಸ ಲಿಬೆರ್’, ನಾಳೆ ಎರಡು ಮಂಚದ ರೂಮ್ ಖಾಲಿಯಾಗುತ್ತದೆ. ಇವತ್ತು ಹೆಚ್ಚುವರಿ ಮಂಚ, ನಾಳೆಯಿಂದ ಸರಿಯಾದ ರೂಮ್ ಅನ್ನುವುದು ನ್ಯಾಯವಾದ ಒಪ್ಪಂದ. ಆದರೆ ‘ಆ ಕೆಲ್ ಓರ್?’ (ಎಷ್ಟು ಗಂಟೆಗೆ?) ಅಂತ ಕೇಳಿ. ಬೆಳಿಗ್ಗೆ ಒಬ್ಬರು ಖಾಲಿ ಮಾಡಿದ ರೂಮನ್ನು ಗುಡಿಸಿ ಸಿದ್ಧ ಮಾಡುವಾಗ ಮಧ್ಯಾಹ್ನ ಆಗುತ್ತದೆ. ಆ ಮಧ್ಯೆ ನಿಮ್ಮ ಪೆಟ್ಟಿಗೆ ಎಲ್ಲಿಡುವುದು? ‘ಎಸ್ ಕ ವೂ ಪೂವೇ ಗಾರ್ದೇ ನೋ ಬಗಾಝ್?’ (ನಮ್ಮ ಲಗೇಜ್ ಇಟ್ಟುಕೊಳ್ಳುತ್ತೀರಾ?) ಅಂತ ಕೇಳಿ.

‘ಶಾಂಬ್ರ್ ಫಮಿಲ್ಯಾಲ್’ ಅಥವಾ ‘ಸ್ಯುಪೆರಿಯೋರ್’ ಅಂತ ಕೇಳಿಸಿದರೆ ಇನ್ನೂ ದೊಡ್ಡ ರೂಮ್ ಕೊಡುತ್ತಿದ್ದಾರೆ. ಇದೇ ಒಳ್ಳೆಯದು, ಇಲ್ಲೇ ಎಚ್ಚರವೂ ಬೇಕು. ಖುಷಿಯಲ್ಲಿ ‘ಮೆರ್ಸಿ’ ಅಂದು ಕಾರ್ಡ್ ತಗೊಂಡರೆ ಹೊರಡುವ ದಿನ ಬಿಲ್‌ನಲ್ಲಿ ಹೊಸ ದರ ಇರಬಹುದು. ಒಪ್ಪುವ ಮುಂಚೆ ಕೇಳಿ:

— ಎಸ್ ಕಿಲ್ ಯಾ ಅಂ ಸ್ಯುಪ್ಲೆಮಾಂ? (ಹೆಚ್ಚು ದುಡ್ಡು ಕೊಡಬೇಕಾ?)
— ನೋಂ, ಸೆ ಲ ಮೆಮ್ ಪ್ರಿ. (ಇಲ್ಲ, ಅದೇ ಬೆಲೆ.)
— ಪಾರ್ಫೆ. ಎಸ್ ಕ ಝ ಪೋ ವ್ವಾರ್ ಲಾ ಶಾಂಬ್ರ್ ದಾಬೋರ್? (ಒಳ್ಳೇದು. ಮೊದಲು ರೂಮ್ ನೋಡಬಹುದಾ?)

ಒಂದು ವೇಳೆ ‘ವೀ, ವೆಂತ್ ಓರೋ ಪಾರ್ ನ್ವಿ’ ಅಂದರೆ ರಾತ್ರಿಗೆ 20 ಯೂರೋ ಹೆಚ್ಚು ಕೇಳುತ್ತಿದ್ದಾರೆ. ತಪ್ಪು ನಿಮ್ಮದಲ್ಲದಿದ್ದರೆ ಒಪ್ಪಬೇಕಿಲ್ಲ. ಜಗಳವೂ ಬೇಕಿಲ್ಲ.

— ಮೆ ಝಾವೇ ರೆಜ಼ೆರ್ವೇ ದೋ ಲಿ. ಸ್ರೆತಿಲ್ ಪೊಸಿಬ್ಲ್ ದ ಗಾರ್ದೇ ಲ ಮೆಮ್ ಪ್ರಿ? (ಆದರೆ ನಾನು ಎರಡು ಮಂಚವನ್ನೇ ಬುಕ್ ಮಾಡಿದ್ದೆ. ಅದೇ ಬೆಲೆಗೆ ಕೊಡಲು ಸಾಧ್ಯವಾ?)

ಮೊದಲ ಅರ್ಧ ಆಗಲೇ ಹೇಳಿದ ಮಾತು, ಚಿಕ್ಕದಾಗಿ ಮತ್ತೆ ಹೇಳಿದ್ದೀರಿ. ಎರಡನೇ ಅರ್ಧ ‘ಸಾಧ್ಯವಾ’ ಅನ್ನುವ ಮೃದು ರೂಪ. ‘ಝ ವೋ’ (ನನಗೆ ಬೇಕು) ಅಂತ ಹೇಳಬೇಡಿ. ಕನ್ನಡದಲ್ಲಿ ‘ಒಂದು ರೂಮ್ ಬೇಕಿತ್ತು’ ಅಂದರೆ ಮೆತ್ತಗಿದೆ, ‘ಬೇಕು’ ಅಂದರೆ ಗಟ್ಟಿ. ಫ್ರೆಂಚಿನಲ್ಲಿ ‘ಝ ವೂದ್ರೆ’ ಆ ‘ಬೇಕಿತ್ತು’ ಥರ. ‘ಪೂರಿಯೇ’, ‘ಸ್ರೆತಿಲ್’, ‘ವೂದ್ರೆ’ ಮೂರೂ ಒಂದೇ ಮನೆಯವು. ದೂರು ಹೇಳುವಾಗ ಇವು ನಿಮ್ಮ ಬಾಯಲ್ಲಿದ್ದರೆ ಅದೇ ದೂರನ್ನು ಎರಡು, ಮೂರು ಸಲ ಹೇಳಿದರೂ ಒರಟು ಅನ್ನಿಸೋದಿಲ್ಲ.

ಇಲ್ಲಿ ಒಂದನ್ನು ಬೇರೆ ಮಾಡಿ ನೋಡಿ. ‘ತಾಕ್ಸ್ ದ ಸೆಝೂರ್’ ಅಂತ ಕೇಳಿದರೆ ಅದು ಹೆಚ್ಚುವರಿ ದರ ಅಲ್ಲ. ಊರಿನ ಆಡಳಿತಕ್ಕೆ ಹೋಗುವ ತಂಗುವ ತೆರಿಗೆ. ಒಬ್ಬೊಬ್ಬ ವಯಸ್ಕರಿಗೆ, ಒಂದೊಂದು ರಾತ್ರಿಗೆ ಇಷ್ಟು ಅಂತ ಇರುತ್ತದೆ, 18 ತುಂಬದವರಿಗೆ ಇಲ್ಲ. ಆನ್‌ಲೈನಿನಲ್ಲಿ ಅದು ಸೇರದಿದ್ದರೆ ಹೋಟೆಲ್‌ನಲ್ಲೇ ಕೊಡಬೇಕು. ಅದರ ಬಗ್ಗೆ ವಾದ ಮಾಡಿದರೆ ನಿಮ್ಮ ನ್ಯಾಯವಾದ ಮಾತಿಗೂ ಬೆಲೆ ಇರೋದಿಲ್ಲ.

ಕೊಟ್ಟ ಯಾವ ದಾರಿಯೂ ಹಿಡಿಸದಿದ್ದರೆ ‘ಸಾ ನ ಮ ಕೋಂವ್ಯೆಂ ಪಾ’ ಅನ್ನಿ. ‘ನನಗೆ ಇದು ಹೊಂದೋದಿಲ್ಲ’ ಅಂತ. ನೇರವಾಗಿದೆ, ಆದರೆ ಮರ್ಯಾದೆಯ ಮಾತು. ಆಗ ಅವರು ‘ರೆಲೊಝೇ’ ಅನ್ನುವ ಪದ ತರಬಹುದು, ಅಂದರೆ ಬೇರೆ ಹೋಟೆಲ್‌ಗೆ ಕಳಿಸುವುದು. ಇರುವ ರೂಮಿಗಿಂತ ಹೆಚ್ಚು ಬುಕಿಂಗ್ ತಗೊಂಡಾಗಲೂ ಹೀಗೆ ಮಾಡುತ್ತಾರೆ. ಹಾಗಾದಲ್ಲಿ ಅದೇ ದರ್ಜೆಯ ಹೋಟೆಲ್ ಕೇಳಿ, ಹೊರಡುವ ಮುಂಚೆ ಬೆಲೆಯ ವ್ಯತ್ಯಾಸ ಯಾರು ಕೊಡುತ್ತಾರೆ, ‘ಕಿ ಪೆ ಲ ತಾಕ್ಸಿ?’ (ಟ್ಯಾಕ್ಸಿ ದುಡ್ಡು ಯಾರದು?) ಅನ್ನೋದನ್ನು ತೀರ್ಮಾನಿಸಿಕೊಳ್ಳಿ. ತಪ್ಪು ಮಾಡಿದ ಹೋಟೆಲೇ ಇವೆರಡನ್ನೂ ಕೊಡುವುದು ರೂಢಿ. ಸೈಟ್ ಮೂಲಕ ಬುಕ್ ಮಾಡಿದ್ದರೆ ಸಿಟ್ಟಿನಲ್ಲಿ ಆ್ಯಪ್ ತೆಗೆದು ನೀವೇ ಕ್ಯಾನ್ಸಲ್ ಒತ್ತಬೇಡಿ. ಆಗ ಅದು ನಿಮ್ಮ ಕಡೆಯಿಂದ ಆದ ರದ್ದತಿ, ದುಡ್ಡು ವಾಪಸ್ ಬಾರದೇ ಹೋಗಬಹುದು. ಸೈಟ್‌ನವರಿಗೆ ಕೌಂಟರ್ ಮುಂದಿನಿಂದಲೇ ಫೋನ್ ಮಾಡಿ.

ಇವತ್ತಿಗೆ ಒಂದೇ ಮಂಚದಲ್ಲಿ ಹೇಗೋ ನಿಭಾಯಿಸುತ್ತೇವೆ ಅಂತ ನೀವು ಒಪ್ಪಿದರೂ ಬೆಲೆ ಕಡಿಮೆ ಮಾಡಿ ಅಂತ ಕೇಳುವುದು ತಪ್ಪಲ್ಲ. ಒಪ್ಪಂದ ಪೂರ್ತಿ ನೆರವೇರದಿದ್ದಾಗ ಬೆಲೆ ಇಳಿಸುವ ಅವಕಾಶ ಫ್ರಾನ್ಸಿನ ಸಿವಿಲ್ ಕೋಡ್‌ನಲ್ಲೇ ಇದೆ, 1223ನೇ ಕಲಮು. ಆದರೆ ಕೌಂಟರ್‌ನಲ್ಲಿ ಕಾನೂನಿನ ಮಾತು ಎತ್ತಬೇಡಿ. ‘ಅಂ ಝೆಸ್ತ್ ಕೊಮೆರ್ಸ್ಯಾಲ್’ ಅಂತ ಕೇಳಿ. ಗಿರಾಕಿಯನ್ನು ಸಮಾಧಾನ ಮಾಡಲು ಅಂಗಡಿಯವರು, ಹೋಟೆಲ್‌ನವರು ಬಿಟ್ಟುಕೊಡುವ ರಿಯಾಯಿತಿಗೆ ಅಲ್ಲಿ ಅದೇ ಮಾತು.

— ಎಸ್ ಕ ವೂ ಪೂರಿಯೇ ಫೆರ್ ಅಂ ಝೆಸ್ತ್ ಕೊಮೆರ್ಸ್ಯಾಲ್? ಪಾರ್ ಎಗ್ಜ಼ಾಂಪ್ಲ್, ಲ ಪ್ತಿ ದೆಝೊನೇ? (ಏನಾದರೂ ರಿಯಾಯಿತಿ ಮಾಡಬಹುದಾ? ಬೆಳಗಿನ ತಿಂಡಿ ಕೊಡುವ ಥರ?)

ತಿಂಡಿ ಅಂತ ನೀವೇ ಹೆಸರಿಸಿದ್ದು ಲೆಕ್ಕ ಹಾಕಿಯೇ. ದರ ಇಳಿಸುವ ಅಧಿಕಾರ ರಾತ್ರಿ ಪಾಳಿಯವರಿಗೆ ಇಲ್ಲದೇ ಇರಬಹುದು. ಇಬ್ಬರ ತಿಂಡಿಗೆ ‘ಆಯಿತು’ ಅನ್ನುವುದು ಅವರಿಗೆ ಸುಲಭ. ದರದ ಮಾತನ್ನು ಬೆಳಿಗ್ಗೆ ಮ್ಯಾನೇಜರ್ ಜೊತೆ ಆಡಿ. ಈ ಕಾರಣಕ್ಕೇ ಸಾಧ್ಯವಾದರೆ ರಾತ್ರಿ ತಡವಾಗಿ ಹೋಟೆಲ್ ಸೇರಬೇಡಿ. ಸಣ್ಣ ಹೋಟೆಲ್‌ಗಳಲ್ಲಿ ತಡರಾತ್ರಿ ಕೌಂಟರ್‌ನಲ್ಲಿ ಯಾರೂ ಇರದೆ ಬಾಗಿಲಿಗೆ ಕೋಡ್ ಮಾತ್ರ ಕೊಟ್ಟಿರುವುದೂ ಉಂಟು. ಆಗ ಈ ಸಂಭಾಷಣೆ ಬೆಳಗಿನ ತನಕ ಕಾಯಬೇಕು.

ಒಪ್ಪಂದ ಏನೇ ಆಗಲಿ, ಬರೆಸಿಕೊಳ್ಳಿ.

— ಎಸ್ ಕ ವೂ ಪೂರಿಯೇ ಮ ಲ ಕೋಂಫಿರ್ಮೇ ಪಾರ್ ಮೆಲ್? (ಇದನ್ನು ಮೇಲ್‌ನಲ್ಲಿ ಖಚಿತಪಡಿಸುತ್ತೀರಾ?)

ನಾಳೆ ಬೆಳಿಗ್ಗೆ ಕೌಂಟರ್‌ನಲ್ಲಿ ಬೇರೆಯವರು ಇರುತ್ತಾರೆ. ‘ನಿನ್ನೆ ರಾತ್ರಿ ಇದ್ದ ಮೇಡಂ ಹೇಳಿದ್ದರು’ ಅನ್ನುವ ಮಾತನ್ನು ಎ2 ಫ್ರೆಂಚಿನಲ್ಲಿ ಸಾಧಿಸುವುದು ಕಷ್ಟ. ಮೇಲ್ ತೋರಿಸುವುದು ಸುಲಭ. ಅವರು ಮೇಲ್ ಕಳಿಸಲು ಹಿಂದೆಮುಂದೆ ನೋಡಿದರೆ ರೂಮ್ ನಂಬರ್, ಬೆಲೆ, ದಿನಾಂಕ ಒಂದು ಚೀಟಿಯಲ್ಲಿ ಬರೆದುಕೊಡಲು ಕೇಳಿ.

ನಡುವೆ ಎಲ್ಲಾದರೂ ಮಾತು ತಪ್ಪಿಹೋದರೆ ‘ವೂ ಪೂರಿಯೇ ಪಾರ್ಲೇ ಪ್ಲ್ಯು ಲಾಂತ್ಮಾಂ?’ (ಸ್ವಲ್ಪ ನಿಧಾನವಾಗಿ ಹೇಳುತ್ತೀರಾ?) ಅನ್ನಿ. ಅವರು ನಿಮ್ಮ ಉಚ್ಚಾರಣೆ ಕೇಳಿ ತಾವೇ ಇಂಗ್ಲಿಷಿಗೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ನೀವೂ ಹೋಗಿ. ಅತ್ತೆಯವರು ದಿನವಿಡೀ ಪ್ರಯಾಣ ಮಾಡಿ ಲಾಬಿಯಲ್ಲಿ ಕೂತಿರುತ್ತಾರೆ. ಆದರೆ ಬೆಲೆ ಮತ್ತು ದಿನದ ವಿಷಯವನ್ನು ಕೊನೆಯಲ್ಲಿ ಇನ್ನೊಮ್ಮೆ ಫ್ರೆಂಚಿನಲ್ಲಿ ಹೇಳಿ ಖಚಿತ ಮಾಡಿಕೊಳ್ಳಿ: ‘ಲ ಮೆಮ್ ಪ್ರಿ, ತ್ರ್ವಾ ನ್ವಿ, ದೋ ಲಿ. ಸೆ ಬ್ಯೆಂ ಸಾ?’ ಈ ಸಲ ‘ಸರಿ ತಾನೇ’ ಅಂತ ಕೇಳುವವರು ನೀವು.

ಕ್ಲಾಸಿನಲ್ಲಿ ಅಭ್ಯಾಸ ಮಾಡುವಾಗ ಗೆಳತಿಗೆ ಒಂದು ಮಾತು ಹೇಳಿಡಿ: ಪ್ರತಿ ಸಲವೂ ಬೇರೆ ಅಡ್ಡಿ ತರಲಿ, ಏನು ಅಂತ ಮುಂಚೆ ಹೇಳದಿರಲಿ. ಒಮ್ಮೆ ಹೆಚ್ಚುವರಿ ಮಂಚ, ಒಮ್ಮೆ 20 ಯೂರೋ, ಒಮ್ಮೆ ಬೇರೆ ಹೋಟೆಲ್. ನೀವು ಮಾತ್ರ ಪ್ರತಿ ಸಲ ‘ಕೆಸ್ ಕ ವೂ ಪೂವೇ ಮ ಪ್ರೊಪೊಜ಼ೇ’ ದಾಟಿ, ಬೆಲೆ ಕೇಳಿ, ಬರೆಸಿಕೊಳ್ಳುವ ತನಕ ಹೋಗಿ. ಇವತ್ತೇ ಇನ್ನೊಂದು ಕೆಲಸ ಮಾಡಿಬಿಡಿ. ನಮ್ಮ ರೂಮಿನಲ್ಲಿ ಬೇರೆ ಬೇರೆ ಎರಡು ಮಂಚ ಇವೆ ಅಂತ ಖಚಿತಪಡಿಸುತ್ತೀರಾ ಅಂತ ಕೇಳಿ ಹೋಟೆಲ್‌ಗೆ ಒಂದು ಚಿಕ್ಕ ಮೇಲ್ ಹಾಕಿ. ಟೈಪ್ ಮಾಡಬೇಕಾದ್ದು ಇದು:

```
Bonjour,
Pouvez-vous me confirmer que notre chambre
a bien deux lits séparés ?
Merci d'avance.
```

ಕೆಳಗೆ ಬುಕಿಂಗ್ ನಂಬರ್, ದಿನಾಂಕ, ಹೆಸರು ಹಾಕಿ. ‘ವೀ’ ಅಂತ ಉತ್ತರ ಬಂದರೆ ಅದನ್ನು ಪ್ರಿಂಟ್ ಮಾಡಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.